ಮಸ್ಕಿರಿ ಎಂದು ಬರೆದಿದ್ದ ಸಾಲು

ನಂಬಬೇಡಿ. ನೋಡೋಣ, ನಂಬದೆ ಹೇಗಿರುತ್ತೀರಿ ಎಂದು! ಬಸವಕಲ್ಯಾಣ ಕೊಡಬೇಕಾದ ಜವಾಬನ್ನು ಹುಮನಾಬಾದಿನಲ್ಲೇ ಕೊಟ್ಟು, ಅದೂ ಕಲ್ಯಾಣದ ಹೆಸರಿನಲ್ಲಿ ಕೊಟ್ಟು, ಎರಡೂ ಊರಿನ ಜನ ನಾಲ್ಕು ದಿನ ತಲೆ ಕೆರೆದುಕೊಳ್ಳುವ ಹಾಗೆ ಮಾಡಿದವನು ನಾನು. ಈ ಸೀಮೆಯಲ್ಲಿ ಇನ್ನೊಬ್ಬ ಇದ್ದರೆ ತೋರಿಸಿ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದವನು. ಆಗಿನಿಂದಲೂ ನನಗೆ ಈ ಚಟ. ಟ್ರಂಕ್ ಕಾಲ್ ಕೇಳಿದವರಿಗೆ ಆ ಕಡೆಯ ಎಕ್ಸ್‌ಚೇಂಜಿನವರ ದನಿಯಲ್ಲಿ ಮಾತಾಡಿದ್ದೇನೆ. ಬೀಗರ ಮನೆಗೆ ಫೋನ್ ಹಚ್ಚಿದವನಿಗೆ ಬೀಗರ ದನಿಯಲ್ಲೇ "ನಾವ್ ಊರಾಗ ಇಲ್ರಿ" ಎಂದು ಹೇಳಿ, "ಇಲ್ಲದವ್ರು ಫೋನ್ ಹ್ಯಾಂಗ ಎತ್ತಿದ್ರಿ?" ಎಂದು ಬೈಸಿಕೊಂಡಿದ್ದೇನೆ. ನಿವೃತ್ತಿಯಾದ ಮೇಲೆ ನನ್ನ ವಾರಗೆಯವರೆಲ್ಲ ಕಟ್ಟೆ ಹಿಡಿದು ಕೂತರೆ, ನಾನು ಕಂಪ್ಯೂಟರ್ ಜಾಲದ ಕೆಲಸ ಕಲಿತೆ. ತಂತಿ ಬದಲಾಗಿದೆ, ಮಾತಾಡುವ ರೀತಿ ಬದಲಾಗಿದೆ, ಆದರೆ ಒಬ್ಬರು ಕರೆಯುವುದು, ಇನ್ನೊಬ್ಬರು ಓಗೊಡುವುದು ಅದೇ ಇದೆ. ಎರಡೂ ಊರಿನಲ್ಲಿ ಶಾಖೆ ಇರುವ ಒಂದು ಖಾಸಗಿ ಆಸ್ಪತ್ರೆ ತನ್ನ ಜಾಲದ ಉಸ್ತುವಾರಿಯನ್ನು ನನಗೇ ಕೊಟ್ಟಿತು. ಹುಮನಾಬಾದಿನಲ್ಲಿ ಚಿಕ್ಕದೊಂದು ಲ್ಯಾಬು, ಕಲ್ಯಾಣದಲ್ಲಿ ದೊಡ್ಡ ಆಸ್ಪತ್ರೆ. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ಬರೆದ ರಿಪೋರ್ಟು ಕಲ್ಯಾಣದ ಸರ್ವರಿಗೆ ಹೋಗಬೇಕು, ಅಲ್ಲಿಂದ ಡಾಕ್ಟರ ಕೈಗೆ. ಇಷ್ಟೇ ವ್ಯವಹಾರ.

ಕಲ್ಯಾಣದ ಸರ್ವರ್ ನೋಡಿಕೊಳ್ಳುವವನು ನನ್ನ ಹಳೆಯ ದೋಸ್ತ, ಎಕ್ಸ್‌ಚೇಂಜಿನಲ್ಲಿ ನನ್ನ ಜೊತೆಗೇ ಇದ್ದವನು. ಅವನಿಗೆ ತನ್ನ ಸರ್ವರ್ ಎಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಹೆಚ್ಚು. ಒಂದು ದಿನ ಹುಮನಾಬಾದಿಗೆ ಬಂದು ಲ್ಯಾಬಿನಲ್ಲಿ ಕೂತು ಅವನು ಬಡಾಯಿ ಕೊಚ್ಚಿದ.

"ನಂದು ಇವತ್ತಿನ ತನಕ ಒಂದ್ಸಲನೂ ಬಾಗಲಾ ಮುಚ್ಚಿಲ್ಲ ನೋಡಲೇ."

ಬಡಾಯಿ ಈ ಭಾಗದಲ್ಲಿ ನನ್ನ ಗುತ್ತಿಗೆ. ಇನ್ನೊಬ್ಬರು ಕೊಚ್ಚಿದರೆ ನನಗೆ ತಡೆಯುವುದಿಲ್ಲ. ಅವನು ಚಹಾ ಕುಡಿಯಲು ಹೊರಗೆ ಹೋದಾಗ ಲ್ಯಾಬಿನ ರೌಟರಿನಲ್ಲಿ ಒಂದೇ ಒಂದು ಸಾಲಿನ ನಿಯಮ ಬರೆದೆ. ಲ್ಯಾಬಿನಿಂದ ಯಾರಾದರೂ ಕಲ್ಯಾಣದ ಸರ್ವರಿನ ರಿಪೋರ್ಟಿನ ಬಾಗಿಲಿಗೆ ಕರೆ ಕೊಟ್ಟರೆ, ಆ ಕರೆಯನ್ನು ಮುಂದೆ ಬಿಡಬೇಡ; ಇಲ್ಲಿಂದಲೇ, ಆ ಸರ್ವರಿನ ವಿಳಾಸ ಹಾಕಿಯೇ, "ಇಲ್ಲ, ಹೋಗು" ಎಂದು ತಿರುಗಿಸು. ರೌಟರಿನ ನಿಯಮದ ಪಕ್ಕದಲ್ಲಿ ನೆನಪಿಗೆಂದು ಒಂದು ಟಿಪ್ಪಣಿ ಬರೆಯಲು ಬರುತ್ತದೆ. ನಾನು "ಮಸ್ಕಿರಿ" ಎಂದು ಬರೆದೆ. ನಮ್ಮ ಕಡೆ ಚೇಷ್ಟೆಗೆ ಹಾಗೆ ಅನ್ನುವುದು.

ದೋಸ್ತ ವಾಪಸು ಬಂದು ಲ್ಯಾಬಿನ ಕಂಪ್ಯೂಟರಿನಿಂದ ತನ್ನ ಮಗನನ್ನು ಕರೆದ. ಮಗ ಬಾಗಿಲು ಮುಚ್ಚಿದ. ಮತ್ತೆ ಕರೆದ, ಮತ್ತೆ ಮುಚ್ಚಿದ. ಅವನ ಹಣೆ ಬೆವತಿದ್ದು ನೋಡಿ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಕೊನೆಗೆ ಆ ಸಾಲು ತೋರಿಸಿದೆ. "ಏ ಬದ್ಮಾಶ್!" ಎಂದು ಬೆನ್ನಿಗೆ ಗುದ್ದಿದ, ಮಿರ್ಚಿ ಭಜಿ ಕೊಡಿಸಿದ. ಅವನ ಎದುರಿಗೇ ಆ ಸಾಲನ್ನು ಅಳಿಸಿದೆ. ಅಂದು ಲ್ಯಾಬಿನ ಹುಡುಗಿಗೆ ರಜೆಯಿತ್ತು, ಅವಳಿಗೆ ಇದೊಂದೂ ಗೊತ್ತಿಲ್ಲ.

ಆದರೆ ಭಜಿಗೆ ಹೋಗುವ ಮೊದಲು, ಆ ಸಾಲು ಇನ್ನೂ ಇರುವಾಗಲೇ, ನಾನು ಇನ್ನೊಂದು ಕೆಲಸ ಮಾಡಿದ್ದೆ. ಲ್ಯಾಬಿಗೆ ಹೊಸ ಪ್ರಿಂಟರ್ ಬಂದಿತ್ತು. ಅದಕ್ಕೊಂದು ನಿಯಮ ಬರೆದು, ಇದ್ದ ನಿಯಮಗಳನ್ನೆಲ್ಲ ಫೈಲಿಗೆ ಉಳಿಸಿದ್ದೆ. ರೌಟರ್ ಬಂದ್ ಆಗಿ ಮತ್ತೆ ಚಾಲೂ ಆದಾಗ ಓದುವುದು ಆ ಫೈಲನ್ನು. ನಾನು ಅಳಿಸಿದ್ದು ಆ ಹೊತ್ತಿಗೆ ನಡೆಯುತ್ತಿದ್ದದ್ದನ್ನು. ಫೈಲಿನಲ್ಲಿ ಮಸ್ಕಿರಿ ಹಾಗೆಯೇ ಮಲಗಿತ್ತು.

ಕೆಲವು ವಾರ ಕಳೆದವು. ಒಂದು ಸೋಮವಾರ ಬೆಳಿಗ್ಗೆ ಹುಮನಾಬಾದಿನಲ್ಲಿ ಕರೆಂಟು ಹೋಯಿತು, ಲ್ಯಾಬಿನ ಬ್ಯಾಟರಿಯೂ ಕೈಕೊಟ್ಟಿತು. ಕರೆಂಟು ಬಂತು, ರೌಟರ್ ಎದ್ದಿತು. ಅದರ ಜೊತೆಗೆ ಮಸ್ಕಿರಿಯೂ ಎದ್ದಿತು.

ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ ಬೇಮಳಖೇಡದವಳು, ದಿನಾ ಬಸ್ಸಿಗೆ ಬರುವವಳು. ರಕ್ತ ತೆಗೆಯುವುದು, ಪರೀಕ್ಷೆ, ಬರೆದು ಕಳಿಸುವುದು ಎಲ್ಲ ಅವಳೇ. ಕಾಯಂ ಆಗುವ ಆದೇಶ ಆ ತಿಂಗಳೇ ಬರುವುದಿತ್ತು. ಅಂದು ಅವಳು ರಿಪೋರ್ಟು ಕಳಿಸಲು ಹೋದರೆ ಪರದೆಯ ಮೇಲೆ "ಸಂಪರ್ಕ ನಿರಾಕರಿಸಲಾಗಿದೆ" ಎಂಬರ್ಥದ ಇಂಗ್ಲಿಷ್ ಸಾಲು. ಅವಳು ಕಾಗದದ ಫೋಟೋ ತೆಗೆದು ಡಾಕ್ಟರ ಮೊಬೈಲಿಗೆ ಕಳಿಸತೊಡಗಿದಳು. ಅವುಗಳಲ್ಲಿ ಒಂದು ಫೋಟೋ ಯಾರೂ ನೋಡದೆ ಉಳಿಯಿತು. ಡಯಾಲಿಸಿಸ್‌ಗೆ ಬಂದ ಒಬ್ಬ ಮುದುಕರಿಗೆ ರಿಪೋರ್ಟಿಲ್ಲ ಎಂದು ಮತ್ತೆ ಸೂಜಿ ಚುಚ್ಚಿದರು. ಅವರ ಕೈಯಲ್ಲಿ ನರ ಸಿಗುವುದೇ ಕಷ್ಟ, ಮೂರು ಕಡೆ ಚುಚ್ಚಬೇಕಾಯಿತಂತೆ.

ಡಾಕ್ಟರು ಸಿಟ್ಟಾದರು. ಕಲ್ಯಾಣದ ನನ್ನ ದೋಸ್ತನನ್ನು ಕೇಳಿದರೆ, "ಸಾಹೇಬ್ರ, ಹುಮನಾಬಾದ್ ಕಡಿಂದ ಒಂದು ಕರಿನೂ ಬಂದಿಲ್ರಿ" ಎಂದ. ಅವನು ಹೇಳಿದ್ದು ಸತ್ಯ. ಹುಡುಗಿ, "ಕಳಸಾಕತ್ತೀನ್ರಿ, ಸರ್ವರ್ ಬ್ಯಾಡ ಅನ್ನಾಕತ್ತೈತ್ರಿ" ಎಂದಳು. ಅವಳು ಹೇಳಿದ್ದೂ ಸತ್ಯ. ಎರಡು ಸತ್ಯ ಎದುರಾದಾಗ ಚಿಕ್ಕವರ ಸತ್ಯ ಸುಳ್ಳಾಗುತ್ತದೆ. ಬುಧವಾರ ಅವಳಿಗೆ ಮೆಮೊ ಬಂತು: ಕೆಲಸ ಮಾಡದೆ ಸುಳ್ಳು ಹೇಳಿದ್ದಕ್ಕೆ ಶನಿವಾರದೊಳಗೆ ಉತ್ತರ ಕೊಡಬೇಕು, ಅಲ್ಲಿಯವರೆಗೆ ಕಾಯಂ ಆದೇಶ ತಡೆಹಿಡಿಯಲಾಗಿದೆ.

ಗುರುವಾರ ನನ್ನನ್ನು ಕರೆದರು. ನಾನು ಹೇಗೆ ಹೋದೆ ಎಂದು ಕೇಳಬೇಡಿ. ನ್ಯಾಯ ಹೇಳಲು ಹೊರಟ ಗೌಡನ ಹಾಗೆ ಹೋದೆ.

"ಕಾಕಾ, ನೀವರ ನೋಡಿ ಹೇಳ್ರಿ" ಎಂದಳು ಹುಡುಗಿ. ಮೆಮೊವನ್ನು ಮಡಚಿ ರಕ್ತದ ಟ್ಯೂಬುಗಳ ಸ್ಟ್ಯಾಂಡಿನ ಕೆಳಗೆ ಇಟ್ಟಿದ್ದಳು. "ನಾ ಸುಳ್ಳು ಹೇಳಿದ್ರ ನಿಮ್ಮ ಮಷೀನ್‌ದಾಗ ಗೊತ್ತಾಗತೈತಲ್ರಿ?"

"ಮಷೀನ್‌ದಾಗ ಅಲ್ಲವ್ವ, ನನ್ನ ಕಣ್ಣಾಗ ಗೊತ್ತಾಗತೈತಿ" ಎಂದೆ. "ಈ ಎರಡು ತಾಲೂಕಿನಾಗ ಇದನ್ನ ಓದಾಂವ ನಾ ಒಬ್ಬನ."

ಮೊದಲು ಪಿಂಗ್ ಹೊಡೆದು ತೋರಿಸಿದೆ. "ಇದು ಬರೇ 'ಇದ್ದಿಯೇನಪ್ಪಾ' ಅಂತ ಕೂಗಿದಂಗ. ನೋಡು, ನಮ್ಮ ಕೂಗು ಹೈದರಾಬಾದಿನ ಮ್ಯಾಲ ಹಾದು ಕಲ್ಯಾಣಕ್ಕ ಹೋಗಿ ವಾಪಸ್ ಬರಾಕ ಇಪ್ಪತ್ತೆರಡು ಮಿಲಿಸೆಕೆಂಡ್." ಅವಳು ತನ್ನ ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಎಂದು ಬರೆದುಕೊಂಡಳು. ಲ್ಯಾಬಿನವರಿಗೆ ಅಂಕಿ ಕಂಡರೆ ಬರೆದುಕೊಳ್ಳುವ ಅಭ್ಯಾಸ. ಅದು ನನಗೆ ಎಷ್ಟು ದುಬಾರಿ ಬೀಳುತ್ತದೆ ಎಂದು ಆಗ ತಿಳಿಯಲಿಲ್ಲ.

ಆಮೇಲೆ ಲ್ಯಾಬಿನ ಕಂಪ್ಯೂಟರಿನಲ್ಲೇ ಟಿಸಿಪಿಡಂಪ್ ಹಚ್ಚಿದೆ. ತಂತಿಯ ಮೇಲೆ ಹೋಗುವ, ಬರುವ ಪ್ರತಿಯೊಂದು ಚೀಟಿಯನ್ನೂ ಅದು ಹೊತ್ತು ಸಮೇತ ಒಂದೊಂದು ಸಾಲಾಗಿ ಬರೆದಿಡುತ್ತದೆ. ಫೈಲಿಗೂ ಉಳಿಸಲು ಹೇಳಿದೆ, ಪರದೆಗೂ ತಂದೆ. ಪಾಠ ಶುರು ಮಾಡಿದೆ.

"ಎಸ್ ಅಂತ ಕಾಣತೈತಲ್ಲ, ಅದು ನಾವು ಬಾಗಲಾ ಬಡದದ್ದು. ಅದಕ್ಕ ಆ ಕಡಿಂದ ಎಸ್ ಮುಂದ ಒಂದು ಚುಕ್ಕಿ ಬಂತಂದ್ರ, 'ಬಾರಪ್ಪಾ ಒಳಗ' ಅಂದಂಗ. ಚುಕ್ಕಿ ಅಂದ್ರ 'ನಿನ್ನ ಮಾತು ಮುಟ್ಟಿತು' ಅಂತ ಅರ್ಥ."

"ಏನೂ ಬರಲಿಲ್ಲಂದ್ರ?"

"ಅಂದ್ರ ನಮ್ಮ ಕಡಿಂದನ ಅದೇ ಎಸ್ ಮತ್ತೊಮ್ಮೆ, ಮಗದೊಮ್ಮೆ. ಒಂದು ಸೆಕೆಂಡ್ ತಡದು, ಆಮ್ಯಾಲ ಎರಡು ಸೆಕೆಂಡ್, ಆಮ್ಯಾಲ ನಾಲ್ಕು. ಬಡದೇ ಬಡೀತೀವಿ, ಒಳಗ ಇದ್ದಾರೋ ಇಲ್ಲೋ ಗೊತ್ತಾಗಂಗಿಲ್ಲ. ಮೂರನೇದು ಆರ್. ಆರ್ ಮುಂದ ಚುಕ್ಕಿ. ಅಂದ್ರ 'ನಿನ್ನ ಮಾತು ಕೇಳಿಸ್ತು, ಆದ್ರ ನಡಿ ಇಲ್ಲಿಂದ.' ಮುಖದ ಮ್ಯಾಲ ಬಾಗಲಾ."

ಅವಳು ರಿಪೋರ್ಟು ಕಳಿಸುವ ಬಟನ್ ಒತ್ತಿದಳು. ಎಸ್ ಹೋಯಿತು. ಅದರ ಕೆಳಗಿನ ಸಾಲಿನಲ್ಲೇ, ಕಲ್ಯಾಣದ ವಿಳಾಸದಿಂದ, ಆರ್ ಮತ್ತು ಚುಕ್ಕೆ.

"ಹಿಡದೆ!" ಎಂದು ಕೂಗಿದೆ. ನನ್ನ ದೋಸ್ತನಿಗೆ ಫೋನ್ ಹಚ್ಚಿದೆ. "ಏ, ನಿನ್ನ ಮಗಾ ಬಾಗಲಾ ಮುಚ್ಚಿ ಒದಿಯಾಕತ್ತಾನ. ಸಾಕ್ಷಿ ನನ್ನ ಕೈಯಾಗ ಐತಿ."

"ನಾನೂ ಟಿಸಿಪಿಡಂಪ್ ಹಚ್ಚಿ ಕುಂತೀನಲೇ" ಎಂದ ಅವನು. "ಹುಮನಾಬಾದ್‌ದು ಒಂದು ಎಸ್ ಸುದ್ದಾ ಬಂದಿಲ್ಲ. ಬಂದೇ ಇಲ್ಲದವ್ರನ್ನ ಹ್ಯಾಂಗ ಒದೀಲಿ?" ದನಿ ತಗ್ಗಿಸಿ ಕೇಳಿದ. "ಖರೇ ಹೇಳು. ಮತ್ತ ಮಸ್ಕಿರಿ ಮಾಡಾಕತ್ತೀ ಏನು?"

ನನಗೆ ಉರಿಯಿತು. ಮಸ್ಕಿರಿ ಮಾಡುವವನಿಗೆ ಮಾಡದೇ ಇದ್ದ ಮಸ್ಕಿರಿಯನ್ನು ಹೊರಿಸಿದಾಗ ಬರುವ ಸಿಟ್ಟು ಬೇರೆಯವರಿಗೆ ಅರ್ಥವಾಗುವುದಿಲ್ಲ. "ಅದನ್ನ ನಿನ್ನ ಮುಂದನ ಅಳಿಸೀನಿ. ಮಾಣಿಕನಗರದ ಪ್ರಭುವಿನ ಗುಡಿ ಇಲ್ಲೇ ಐತಿ, ಪ್ರಭುನಾಣಿ!" ಎಂದೆ. ರೌಟರ್ ನನ್ನ ಮೊಣಕಾಲಿನ ಪಕ್ಕದಲ್ಲೇ ಮಿಣುಕುತ್ತಿತ್ತು. ತೆಗೆದು ನೋಡಲು ಒಂದು ನಿಮಿಷ ಸಾಕಿತ್ತು. ಆಣೆ ಹಾಕಿದವನು ನೋಡುತ್ತಾನೆಯೇ?

ದೋಸ್ತ ಫೋನನ್ನು ಡಾಕ್ಟರ ಮುಂದೆ ಸ್ಪೀಕರಿಗೆ ಹಾಕಿದ. ಅವರ ದನಿ ಬಂತು.

"ಒಬ್ರು ಬಾಗಲಾ ಮುಚ್ಚಿದ್ರು ಅಂತೀರಿ, ಒಬ್ರು ಯಾರೂ ಬಂದಿಲ್ಲ ಅಂತೀರಿ. ಯಜಮಾನ್ರ, ನನಗ ಪೇಷಂಟ್ ಕಾಯಾಕತ್ತಾರ. ತಪ್ಪು ಯಾರ್ದು, ಅಷ್ಟು ಹೇಳ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಪರದೆಯ ಮೇಲೆ ಬೆರಳಿಟ್ಟಳು. ನನಗಷ್ಟೇ ಕೇಳುವ ಹಾಗೆ ಹೇಳಿದಳು.

"ಕಾಕಾ, ಸಾಲಿನ ಹೊತ್ತು ನೋಡ್ರಿ. ಬಡದದ್ದು ಇದು, ಒದ್ದದ್ದು ಇದು. ಕಳದ್ರ ಅರ್ಧ ಮಿಲಿಸೆಕೆಂಡ್ ಸುದ್ದಾ ಆಗಂಗಿಲ್ಲ. ಕಲ್ಯಾಣಕ್ಕ ಹೋಗಿ ಬರಾಕ ಇಪ್ಪತ್ತೆರಡು ಬೇಕಲ್ರಿ? ಇಷ್ಟು ಲಗೂ ಜವಾಬು ಹ್ಯಾಂಗ ಬಂತು? ನಮ್ಮಲ್ಲಿ ಹೊತ್ತಿಗಿಂತ ಮೊದ್ಲ ಬಂದ ರಿಪೋರ್ಟ್ ನಾವು ನಂಬಂಗಿಲ್ರಿ."

ಜವಾಬು ಕಲ್ಯಾಣದ ಹೆಸರು ಹೊತ್ತಿತ್ತು, ಆದರೆ ಕಲ್ಯಾಣಕ್ಕೆ ಹೋಗಿಯೇ ಇರಲಿಲ್ಲ. ಹೊಸ್ತಿಲು ದಾಟುವ ಮೊದಲೇ ಯಾರೋ ಒಬ್ಬ ಅಂಗಳದಲ್ಲಿ ನಿಂತು ಮನೆಯೊಡೆಯನ ದನಿಯಲ್ಲಿ "ನಡಿ" ಎಂದಿದ್ದ. ಅಂಗಳದಲ್ಲಿ ನಿಂತು ಇನ್ನೊಬ್ಬರ ದನಿಯಲ್ಲಿ ಮಾತಾಡುವ ಚಟ ಯಾರದು? ಅವಳು ಹೇಳುವ ಮುಂಚೆಯೇ ಆ ಅಂಕಿಗಳು ನನ್ನ ಕಣ್ಣ ಮುಂದೆಯೇ ಇದ್ದವು. ನಾನು ಅಕ್ಷರ ಓದಿದೆ, ಚುಕ್ಕೆ ಓದಿದೆ, ಹೊತ್ತು ಓದಲಿಲ್ಲ.

"ಒಂದು ನಿಮಿಷ್ರಿ ಸಾಹೇಬ್ರ" ಎಂದು ರೌಟರಿನೊಳಗೆ ಹೋದೆ. ನಿಯಮಗಳ ಪಟ್ಟಿ ತೆಗೆದೆ. ಎಲ್ಲಕ್ಕಿಂತ ಮೇಲೆ ಅದೇ ಸಾಲು, ಪಕ್ಕದಲ್ಲಿ "ಮಸ್ಕಿರಿ". ಆ ಸಾಲಿಗೆ ಸಿಕ್ಕಿದ ಚೀಟಿಗಳ ಲೆಕ್ಕವನ್ನೂ ರೌಟರ್ ತೋರಿಸುತ್ತದೆ; ಸೋಮವಾರದಿಂದ ಅವಳು ಎಷ್ಟು ಸಲ ಬಾಗಿಲು ಬಡಿದಿದ್ದಳೋ ಅಷ್ಟೂ ಅಲ್ಲಿ ಅಂಕಿಯಾಗಿ ನಿಂತಿತ್ತು. ನಾನು ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಸಾಲು ಅಳಿಸಿದೆ, ಈ ಸಲ ಫೈಲಿನಲ್ಲೂ ಅಳಿಸಿದೆ.

"ಈಗ ಒತ್ತವ್ವ."

ಎಸ್ ಹೋಯಿತು. ಎಸ್ ಮತ್ತು ಚುಕ್ಕೆ ಬಂತು, ಇಪ್ಪತ್ತೆರಡು ಮಿಲಿಸೆಕೆಂಡು ಬಿಟ್ಟು. ಫೋನಿನಲ್ಲಿ ದೋಸ್ತ, "ಬಂತು, ಬಂತು!" ಎಂದ.

"ಏನಾಗಿತ್ರಿ?" ಎಂದರು ಡಾಕ್ಟರು.

ಇಲ್ಲಿ ನಿಲ್ಲುತ್ತೇನೆ. ಇಲ್ಲಿಯವರೆಗೆ ಹೇಳಿದ್ದನ್ನು ನಾನು ಕಟ್ಟೆಯ ಮೇಲೆ ಕೂತು ನಗುತ್ತ ಹೇಳಬಲ್ಲೆ. ಇನ್ನು ಮುಂದಿನದನ್ನು ಹೆಂಡತಿಗೂ ಹೇಳಿಲ್ಲ.

ಮರೆತಿದ್ದು ತಪ್ಪು, ಆದರೆ ಅದು ಕೈತಪ್ಪು. ಎಪ್ಪತ್ತರ ಹತ್ತಿರ ಬಂದವನಿಗೆ ಯಾರಾದರೂ ಕ್ಷಮಿಸಿಯಾರು. ನಾನು ಆಗ ಅಂದದ್ದು ಇದು: "ಏನಿಲ್ರಿ ಸಾಹೇಬ್ರ, ಜರಾ ಅಂಟಿಕೊಂಡಿತ್ತು, ಬಿಡಿಸೀನಿ. ನಾ ಕೈ ಹಚ್ಚಿದ್ರ ಆಗದ ಕೆಲಸ ಇಲ್ಲ ನೋಡ್ರಿ."

"ಹಂಗಾದ್ರ ಆ ಹುಡುಗಿ ಏನೋ ಮಾಡಿದ್ಳೇನು?"

"ಏನರ ತಪ್ಪು ಒತ್ತಿರಬೇಕ್ರಿ. ಹೊಸಬಳು."

ಇದನ್ನು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಅವಳು ನನ್ನ ಮಗ್ಗುಲಲ್ಲೇ ಕೂತಿದ್ದಳು. ಮೆಮೊದ ಮೂಲೆ ಸ್ಟ್ಯಾಂಡಿನ ಕೆಳಗಿನಿಂದ ಹೊರಗೆ ಕಾಣುತ್ತಿತ್ತು. ನನ್ನ ಮುಖ ನೋಡಲಿಲ್ಲ. ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಎಂಬುದರ ಕೆಳಗೆ ಆ ಅರ್ಧ ಮಿಲಿಸೆಕೆಂಡನ್ನೂ ಬರೆದು, ಎರಡರ ಕೆಳಗೆ ಒಂದು ಗೆರೆ ಎಳೆದಳು.

ಫೋನ್ ಇಟ್ಟ ಮೇಲೆ ಕೇಳಿದಳು. "ಕಾಕಾ, ಆ ಎಸ್, ಆರ್ ಉಳಿಸಿದ ಫೈಲ್ ಹಂಗ ಇರ್ಲೇನ್ರಿ? ಶನಿವಾರ ಉತ್ರ ಬರೀಬೇಕಲ್ರಿ."

"ಇರ್ಲಿ" ಎಂದೆ. ಬೇಡ ಎನ್ನಲು ಬಾಯಿ ಬರಲಿಲ್ಲ.

"ಚಹಾ ತರಸ್ಲೇನ್ರಿ?" ಎಂದಳು. ಅದು ಇನ್ನೂ ಕಷ್ಟವಾಯಿತು. ಬ್ಯಾಡವ್ವ ಎಂದು ಎದ್ದೆ. ಆಟೋದವನು ಮಾಣಿಕನಗರದ ಕಡೆಯಿಂದ ಹೋದ. ಪ್ರಭುವಿನ ಗುಡಿಯ ಬಾಗಿಲು ಬಂದಾಗ ದಿನಾ ಕೈಯೆತ್ತಿ ಮುಗಿಯುವವನು ಅಂದು ಚಪ್ಪಲಿ ನೋಡುತ್ತ ಕೂತೆ.

ಎಕ್ಸ್‌ಚೇಂಜಿನ ದಿನಗಳು ಒಂದೊಂದಾಗಿ ನೆನಪಿಗೆ ಬಂದವು. ಇನ್ನೊಬ್ಬರ ದನಿಯಲ್ಲಿ "ಊರಾಗ ಇಲ್ಲ" ಎಂದು ಹೇಳಿಸಿಕೊಂಡವರೆಲ್ಲ ಆಮೇಲೆ ನಕ್ಕರೆಂದೇ ನಾನು ಇಷ್ಟು ವರ್ಷ ಕಥೆ ಹೇಳಿಕೊಂಡು ಬಂದಿದ್ದೆ. ನಗದವರು ಯಾರು ಎಂದು ಎಣಿಸಿಯೇ ಇರಲಿಲ್ಲ. ಯಾಕೆಂದರೆ ನಗದವರು ತಿರುಗಿ ಬಂದು ನನಗೆ ಹೇಳುವುದಿಲ್ಲವಲ್ಲ.

ಶುಕ್ರವಾರ ಬೆಳಿಗ್ಗೆ ಕಲ್ಯಾಣದ ಬಸ್ಸು ಹತ್ತಿದೆ. ಒಳ್ಳೆಯತನದಿಂದ ಹೋದೆನೋ, ಆ ಫೈಲು ಅವಳ ಹತ್ತಿರ ಇದೆ ಎಂಬ ಹೆದರಿಕೆಯಿಂದ ಹೋದೆನೋ ಎಂದು ನನ್ನನ್ನು ಕೇಳಬೇಡಿ. ನಾನೇ ಕೇಳಿಕೊಂಡಿದ್ದೇನೆ, ಜವಾಬು ಬಂದಿಲ್ಲ.

ಡಾಕ್ಟರ ಕೋಣೆಯಲ್ಲಿ ನನ್ನ ದೋಸ್ತನೂ ಇದ್ದ. ನಿಂತುಕೊಂಡೇ ಹೇಳಿದೆ. ಸಾಲು ಬರೆದದ್ದು, ರೌಟರಿನ ಫೈಲಿನಲ್ಲಿ ಅದು ಉಳಿದದ್ದು, ಗುರುವಾರ ಗೊತ್ತಾದ ಮೇಲೂ ಅವಳ ಮೇಲೆ ಹಾಕಿದ್ದು. ದೋಸ್ತ ಬೈಯಲಿಲ್ಲ. "ಪ್ರಭುನಾಣಿ ಅಂದಿದ್ದೆಲ್ಲೋ" ಎಂದ, ಅಷ್ಟೇ. ಆ ಮೇಲೆ ಕಿಟಕಿಯ ಕಡೆ ತಿರುಗಿದ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಯಜಮಾನ್ರ, ಮರತದ್ದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಆ ಮುದುಕರ ಕೈಗೆ ಮೂರು ಸಲ ಚುಚ್ಚೀವಿ. ಆ ಹುಡುಗಿಗೆ ಸುಳ್ಳುಬುರುಕಿ ಅಂತ ಬರದು ಸಹಿ ಮಾಡೀನಿ. ನನ್ನ ಕಡಿಂದ ಅದನ್ನ ಮಾಡ್ಸಿದ್ರಿ ನೀವು."

"ನಾನು ಬರದು ಕೊಡ್ತೀನ್ರಿ" ಎಂದೆ.

ಅಲ್ಲೇ ಕೂತು ಬರೆದೆ. ಲ್ಯಾಬಿನಿಂದ ಕರೆ ಹೋಗಿತ್ತು, ಸರ್ವರ್ ನಿರಾಕರಿಸಿರಲಿಲ್ಲ, ನಡುವೆ ನಾನು ಬರೆದ ನಿಯಮ ಸರ್ವರಿನ ಹೆಸರಿನಲ್ಲಿ ನಿರಾಕರಿಸಿತ್ತು, ಜವಾಬು ಬರಲು ಹಿಡಿದ ಹೊತ್ತೇ ಇದಕ್ಕೆ ಸಾಕ್ಷಿ, ಅದನ್ನು ಕಂಡುಹಿಡಿದದ್ದು ಲ್ಯಾಬಿನವಳು, ನಾನಲ್ಲ. ಕೊನೆಯ ಮಾತನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅಂಥ ಮಾತು ನನ್ನ ಕೈಯಿಂದ ಅದೇ ಮೊದಲು ಬಂದದ್ದು. ಡಾಕ್ಟರು ಮೆಮೊ ವಾಪಸು ತೆಗೆದುಕೊಂಡಿದ್ದೇನೆ ಎಂದು ಬೇರೆ ಪತ್ರ ಬರೆದು, ಎರಡನ್ನೂ ನನ್ನ ಕೈಗೇ ಕೊಟ್ಟರು. "ನೀವ ಮುಟ್ಟಿಸ್ರಿ" ಎಂದರು. ಇನ್ನು ಮುಂದೆ ಹುಮನಾಬಾದಿನ ರೌಟರಿನ ಪಾಸ್‌ವರ್ಡು ಅವಳ ಹತ್ತಿರವೇ ಇರಲಿ, ನಾನು ಏನು ಬದಲಿಸಿದರೂ ಅವಳ ಎದುರಿಗೇ ಬದಲಿಸಬೇಕು ಎಂದೂ ಹೇಳಿದರು. ತಲೆಯಾಡಿಸಿದೆ.

ಮಧ್ಯಾಹ್ನ ಹುಮನಾಬಾದಿಗೆ ಬಂದೆ. ಅವಳು ಒಬ್ಬಳೇ ಇದ್ದಳು. ಪತ್ರಗಳನ್ನು ಮೇಜಿನ ಮೇಲಿಟ್ಟು, "ತಪ್ಪಾತವ್ವ" ಎಂದೆ. ಅವಳು ಎರಡೂ ಓದಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಫಕ್ಕನೆ ನಕ್ಕಳು. "ಕಾಕಾ, ಮಸ್ಕಿರಿ ಬೇಶ್ ಇತ್ತು ಬಿಡ್ರಿ" ಎಂದಳು. ನಾನೂ ನಕ್ಕೆ.

ಮೊದಲೇ ಹೇಳಿದ್ದೆ, ನಂಬಬೇಡಿ ಎಂದು. ಇದರಲ್ಲಿ ನಾನು ಕಟ್ಟಿದ್ದು ಒಂದೇ: ಆ ನಗು. ಅವಳು ನಗಲಿಲ್ಲ. ಬೈಯಲೂ ಇಲ್ಲ. ಪತ್ರಗಳನ್ನು ಓದಿ, ಪಂಚ್ ಮಾಡಿ ಫೈಲಿಗೆ ಹಾಕಿ, ಕೈಗವಸು ತೊಟ್ಟು ತನ್ನ ಕೆಲಸಕ್ಕೆ ತಿರುಗಿದಳು. ನಾನು ಒಂದಿಷ್ಟು ಹೊತ್ತು ತಡೆದು ಮತ್ತೊಮ್ಮೆ "ತಪ್ಪಾತವ್ವ" ಎಂದೆ. ಇನ್ನೂ ಹೆಚ್ಚು ಹೊತ್ತು ತಡೆದು ಮಗದೊಮ್ಮೆ ಅಂದೆ. ಆಮೇಲೆ ಅವಳ ಬಸ್ಸಿಗೆ ಹೊತ್ತಾಯಿತು.